ಇಪ್ಪತ್ತೊಂದು ಚೌಕ, ಒಬ್ಬ ಮನುಷ್ಯ

(ದಾವಣಗೆರೆಯಲ್ಲಿ ಆಪ್ತಸಮಾಲೋಚಕರು, ನರ್ಸಿಂಗ್ ಮತ್ತು ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲೈಂಗಿಕ ಒಲವಿನ ಬಗ್ಗೆ ಮಾತಾಡಲು ಆಪ್ತಸಮಾಲೋಚನೆಗೆ ಬರುವವರು ಸುತ್ತಿ ಬಳಸಿ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ. ‘ನಾನು ಯಾವ ಕಡೆಯವನು ಅಂತ ನೀವೇ ಹೇಳಿಬಿಡ್ರಿ ಮೇಡಂ.’ ಸ್ವಲ್ಪ ಓದಿಕೊಂಡು ಬಂದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ನಾನು ಎಷ್ಟು ಪರ್ಸೆಂಟ್ ಗೇ ಇರಬಹುದು?’ ಅಂತ ಕೇಳುತ್ತಾರೆ. ಈ ಎರಡೂ ಪ್ರಶ್ನೆಗಳ ಹಿಂದೆ ಒಂದೇ ಚಿತ್ರ ಇದೆ. ಒಂದು ಉದ್ದ ಗೆರೆ. ಎಡಗಡೆ ತುದಿಯಲ್ಲಿ ಬೇರೆ ಲಿಂಗದವರನ್ನು ಮಾತ್ರ ಇಷ್ಟಪಡುವವರು, ಬಲಗಡೆ ತುದಿಯಲ್ಲಿ ತಮ್ಮದೇ ಲಿಂಗದವರನ್ನು ಮಾತ್ರ ಇಷ್ಟಪಡುವವರು, ಮಿಕ್ಕವರೆಲ್ಲ ನಡುವೆ ಎಲ್ಲೋ ಒಂದು ಕಡೆ. ನಾವು ಆ ಜಾಗವನ್ನು ಬೆರಳಿಟ್ಟು ತೋರಿಸಿಬಿಟ್ಟರೆ ಅವರ ಸಮಸ್ಯೆ ಮುಗಿಯುತ್ತದೆ ಅಂತ ಅವರೂ ನಂಬಿರುತ್ತಾರೆ, ಎಷ್ಟೋ ಸಲ ನಮ್ಮ ಸಮಾಲೋಚಕರೂ ನಂಬಿರುತ್ತಾರೆ.

ಆ ಗೆರೆ ಯಾಕೆ ಸಾಲದು, ಅದರ ಬದಲಿಗೆ ಏನಿದೆ ಅನ್ನುವುದನ್ನು ಒಬ್ಬ ಮನುಷ್ಯನ ಉದಾಹರಣೆ ಇಟ್ಟುಕೊಂಡೇ ಇವತ್ತು ಹೇಳುತ್ತೇನೆ. ಅದಕ್ಕೂ ಮುಂಚೆ ಈ ಗೆರೆ ಎಲ್ಲಿಂದ ಬಂತು ಅಂತ ನೋಡೋಣ.

ಆಲ್‌ಫ್ರೆಡ್ ಕಿನ್ಸಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್. ವರ್ಷಗಟ್ಟಲೆ ಅವರು ಅಧ್ಯಯನ ಮಾಡಿದ್ದು ಗಾಲ್ ವಾಸ್ಪ್ ಎಂಬ ಪುಟ್ಟ ಕಣಜಗಳನ್ನು. ಕಣಜಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ ಅಳೆದರೆ ಒಂದೇ ಪ್ರಭೇದದಲ್ಲೂ ಒಂದರಂತೆ ಇನ್ನೊಂದಿಲ್ಲ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ಅದೇ ಕಣ್ಣನ್ನು ಅವರು ಮನುಷ್ಯರ ಕಡೆ ತಿರುಗಿಸಿದರು. ಸಾವಿರಾರು ಜನರನ್ನು ಎದುರಿಗೆ ಕೂರಿಸಿಕೊಂಡು ಅವರ ಲೈಂಗಿಕ ಜೀವನದ ಕಥೆ ಕೇಳಿ ಬರೆದುಕೊಂಡರು. ವಾರ್ಡೆಲ್ ಪಾಮರಾಯ್ ಮತ್ತು ಕ್ಲೈಡ್ ಮಾರ್ಟಿನ್ ಜೊತೆ ಸೇರಿ 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ಹೊರತಂದ ವರದಿಗಳಲ್ಲಿ 0ಯಿಂದ 6ರವರೆಗಿನ ಒಂದು ಅಳತೆಪಟ್ಟಿ ಕೊಟ್ಟರು. 0 ಅಂದರೆ ಸಂಪೂರ್ಣ ಭಿನ್ನಲಿಂಗ ಒಲವು, 6 ಅಂದರೆ ಸಂಪೂರ್ಣ ಸಲಿಂಗ ಒಲವು, 3 ಅಂದರೆ ಎರಡೂ ಸಮ.

ಆ ಕಾಲಕ್ಕೆ ಅದು ದೊಡ್ಡ ಬಿಡುಗಡೆ. ಜನ ಎರಡು ಜಾತಿ ಮಾತ್ರ ಅಂದುಕೊಂಡಿದ್ದ ಕಡೆ ಅವರು ನಡುವೆ ಐದು ಮೆಟ್ಟಿಲು ತೋರಿಸಿದರು. ಅಷ್ಟೇ ಅಲ್ಲ, ಒಬ್ಬನೇ ವ್ಯಕ್ತಿಗೆ ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಅಂಕ ಬರಬಹುದು ಅಂತಲೂ ಹೇಳಿದರು. ಇದನ್ನು ನಾನು ಗೌರವದಿಂದಲೇ ಹೇಳುತ್ತಿದ್ದೇನೆ. ಅವರು ಮಾತಾಡಿಸಿದ ಜನರ ಆಯ್ಕೆ ಸರಿಯಿರಲಿಲ್ಲ, ಜೈಲಿನಲ್ಲಿದ್ದವರೂ ಸ್ವಇಚ್ಛೆಯಿಂದ ಮುಂದೆ ಬಂದವರೂ ಅಳತೆ ಮೀರಿ ಸೇರಿದ್ದರು ಅನ್ನುವ ಟೀಕೆ ಬಂತು. ಅದು ನ್ಯಾಯವಾದ ಟೀಕೆಯೇ. ಹಾಗಾಗಿ ಅವರ ಶೇಕಡಾವಾರು ಲೆಕ್ಕಗಳನ್ನು ಇವತ್ತಿಗೂ ಎತ್ತಿಕೊಂಡು ಹೇಳುವುದು ಬೇಡ. ನನ್ನ ತಕರಾರು ಅಳತೆಪಟ್ಟಿಯ ಬಗ್ಗೆಯೇ.

ಆ ಅಂಕ ಕೊಡುವ ಕ್ರಮವನ್ನು ಸ್ವಲ್ಪ ಗಮನಿಸಿ. ಒಬ್ಬ ವ್ಯಕ್ತಿಯ ಬದುಕಿನಲ್ಲಿ ಭಿನ್ನಲಿಂಗದ ಕಡೆ ಎಷ್ಟು, ಸಲಿಂಗದ ಕಡೆ ಎಷ್ಟು ಅಂತ ನೋಡಿ, ಎರಡರ ಅನುಪಾತಕ್ಕೆ ಅಂಕ ಕೊಡಬೇಕು. ಒಟ್ಟು ಪ್ರಮಾಣ ಲೆಕ್ಕಕ್ಕಿಲ್ಲ. ಅಂದರೆ ಇದು ತಕ್ಕಡಿ. ಒಂದು ತಟ್ಟೆ ಕೆಳಗಿಳಿದರೆ ಇನ್ನೊಂದು ಮೇಲೇಳಲೇಬೇಕು. ಈಗ ಇಬ್ಬರನ್ನು ನೆನೆಸಿಕೊಳ್ಳಿ. ಒಬ್ಬರಿಗೆ ಗಂಡಸರ ಕಡೆಗೂ ಹೆಂಗಸರ ಕಡೆಗೂ ತೀವ್ರವಾದ ಸೆಳೆತ. ಇನ್ನೊಬ್ಬರಿಗೆ ಎರಡೂ ಕಡೆ ತೀರಾ ತೆಳುವಾದ, ವರ್ಷಕ್ಕೊಮ್ಮೆ ಬಂದು ಹೋಗುವಂಥ ಸೆಳೆತ. ಮುಳ್ಳು ಇಬ್ಬರಿಗೂ ನಡುವೆಯೇ ನಿಲ್ಲುತ್ತದೆ, ಇಬ್ಬರಿಗೂ 3 ಅಂಕ. ಇವರಿಬ್ಬರ ಬದುಕಿನಲ್ಲಿ ಸಮಾನವಾದದ್ದು ಏನೂ ಇಲ್ಲ. ಇನ್ನು ಯಾರ ಕಡೆಗೂ ಸೆಳೆತವೇ ಇಲ್ಲದವರು? ಖಾಲಿ ತಟ್ಟೆಗಳನ್ನು ತೂಗುವುದು ಹೇಗೆ? ಕಿನ್ಸಿ ತಂಡಕ್ಕೆ ಇಂಥವರು ಸಿಕ್ಕಿದ್ದರು. ಅವರಿಗೆ ಗೆರೆಯ ಮೇಲೆ ಜಾಗ ಇರಲಿಲ್ಲವಾದ್ದರಿಂದ ಎಕ್ಸ್ ಅಂತ ಬರೆದು ಪಕ್ಕಕ್ಕಿಟ್ಟರು.

ಇದು ಪುಸ್ತಕದೊಳಗಿನ ತೊಡಕು ಅಂದುಕೊಳ್ಳಬೇಡಿ. ಈ ತಕ್ಕಡಿ ನಮ್ಮ ಮನೆಗಳೊಳಗೂ ಇದೆ. ಗಂಡನಿಗೆ ಗಂಡಸರ ಕಡೆ ಸೆಳೆತ ಇದೆ ಅಂತ ಗೊತ್ತಾದ ಹೆಂಡತಿ ಮೊದಲು ಕೇಳುವ ಮಾತು ಏನು? ‘ಹಂಗಾರೆ ಇಷ್ಟು ವರ್ಷ ನನ್ನ ಜೊತೆ ಇದ್ದದ್ದು ನಾಟಕವಾ?’ ಅತ್ತ ತೂಕ ಇದೆ ಅಂದಮೇಲೆ ಇತ್ತ ಇರಲು ಸಾಧ್ಯವೇ ಇಲ್ಲ ಅಂತ ಆ ಹೆಣ್ಣುಮಗಳು ಲೆಕ್ಕ ಹಾಕಿದ್ದಾಳೆ. ಬಂದ ಸಂಬಂಧಗಳನ್ನೆಲ್ಲ ಬೇಡ ಅನ್ನುತ್ತಿರುವ ಇಪ್ಪತ್ತೆಂಟು, ಮೂವತ್ತರ ಮಗಳ ಬಗ್ಗೆ ಮನೆಯವರು ಗುಸುಗುಸು ಶುರು ಮಾಡುವುದೂ ಇದೇ ಲೆಕ್ಕದಲ್ಲಿ. ಗಂಡು ಬೇಡ ಅಂದರೆ ಹೆಣ್ಣು ಬೇಕು ಅಂತಲೇ ಅರ್ಥ ಇರಬೇಕು ಅಂತ. ಅವಳಿಗೆ ಯಾರ ಕಡೆಗೂ ಆ ಬಗೆಯ ಸೆಳೆತ ಇಲ್ಲದಿರಬಹುದು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಈ ತಕ್ಕಡಿಯನ್ನು ಬಿಚ್ಚಿದವರಲ್ಲಿ ಮುಖ್ಯವಾದವರು ಮೈಕೆಲ್ ಸ್ಟಾರ್ಮ್ಸ್ ಎಂಬ ಮನಶ್ಶಾಸ್ತ್ರಜ್ಞ. 1980ರಲ್ಲಿ ಅವರು ಮಾಡಿದ ಕೆಲಸ ನೋಡಲು ತುಂಬಾ ಸರಳ. ಅದಕ್ಕೂ ಆರು ವರ್ಷ ಮುಂಚೆ, 1974ರಲ್ಲಿ, ಸಾಂಡ್ರಾ ಬೆಮ್ ಎಂಬುವರು ‘ಗಂಡಸುತನ’ ಮತ್ತು ‘ಹೆಣ್ತನ’ ಅನ್ನುವ ಗುಣಗಳು ಒಂದೇ ಗೆರೆಯ ಎರಡು ತುದಿಗಳಲ್ಲ, ಒಬ್ಬರಲ್ಲೇ ಎರಡೂ ಹೆಚ್ಚಿರಬಹುದು, ಎರಡೂ ಕಡಿಮೆ ಇರಬಹುದು ಅಂತ ಬೇರೆ ಬೇರೆಯಾಗಿ ಅಳೆದು ತೋರಿಸಿದ್ದರು. ಸ್ಟಾರ್ಮ್ಸ್ ಅದೇ ಕ್ರಮವನ್ನು ಒಲವಿಗೆ ಅನ್ವಯಿಸಿದರು. ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೆರೆ, ಅದರ ಎಡತುದಿಯಿಂದ ಮೇಲಕ್ಕೆ ಒಂದು ಉದ್ದಗೆರೆ ಎಳೆದುಕೊಳ್ಳಿ, ಗ್ರಾಫ್ ಹಾಕುವ ಹಾಗೆ. ಅಡ್ಡಗೆರೆಯ ಮೇಲೆ ಭಿನ್ನಲಿಂಗದವರ ಕಡೆಗಿನ ಸೆಳೆತ ಎಷ್ಟು ಅಂತ ಗುರುತು ಹಾಕಿ. ಉದ್ದಗೆರೆಯ ಮೇಲೆ ಸಲಿಂಗದವರ ಕಡೆಗಿನ ಸೆಳೆತ ಎಷ್ಟು ಅಂತ ಗುರುತು ಹಾಕಿ. ಒಂದಕ್ಕೆ ಉತ್ತರ ಹೇಳುವಾಗ ಇನ್ನೊಂದರ ಚಿಂತೆ ಬೇಡ.

ಈಗ ಆ ಕಾಗದದ ಮೇಲೆ ನಾಲ್ಕು ಮೂಲೆಗಳು ಸಿಗುತ್ತವೆ. ಅಡ್ಡಗೆರೆ ಹೆಚ್ಚು, ಉದ್ದಗೆರೆ ಕಡಿಮೆ ಇರುವವರು ಬಲಗಡೆ ಕೆಳಗೆ. ಅದರ ತದ್ವಿರುದ್ಧ ಇರುವವರು ಎಡಗಡೆ ಮೇಲೆ. ಎರಡೂ ಹೆಚ್ಚಿರುವವರು ಬಲಗಡೆ ಮೇಲೆ. ಎರಡೂ ಕಡಿಮೆ ಇರುವವರು, ಅಂದರೆ ಅಸೆಕ್ಶುಯಲ್ ಜನ, ಎಡಗಡೆ ಕೆಳಗೆ. ಕಿನ್ಸಿಯ ಗೆರೆಯಲ್ಲಿ 3 ಅಂಕ ಪಡೆದ ಆ ಇಬ್ಬರು ಈಗ ಎದುರುಬದುರು ಮೂಲೆಗಳಲ್ಲಿ ನಿಂತಿದ್ದಾರೆ. ಪಕ್ಕಕ್ಕಿಟ್ಟಿದ್ದ ಎಕ್ಸ್ ಕೂಡ ಚಿತ್ರದೊಳಗೆ ಬಂತು.

ಸ್ಟಾರ್ಮ್ಸ್ ಬರೀ ಚಿತ್ರ ಬರೆದು ಸುಮ್ಮನಾಗಲಿಲ್ಲ. ಒಂದೇ ಗೆರೆಯ ವಾದ ನಿಜವಾಗಿದ್ದರೆ ಉಭಯಲಿಂಗ ಒಲವಿನವರ ಕಲ್ಪನೆಗಳಲ್ಲಿ ಗಂಡು ಹೆಣ್ಣು ಎರಡೂ ಅರ್ಧಂಬರ್ಧ ಇರಬೇಕಿತ್ತು. ಅವರು ಜನರನ್ನು ಕೇಳಿ ನೋಡಿದಾಗ ಹಾಗೆ ಬರಲಿಲ್ಲ. ಬೈಸೆಕ್ಶುಯಲ್ ಅಂತ ಹೇಳಿಕೊಂಡವರಲ್ಲಿ ಭಿನ್ನಲಿಂಗದ ಕಲ್ಪನೆಗಳು ಭಿನ್ನಲಿಂಗಿಗಳಲ್ಲಿ ಇದ್ದಷ್ಟೇ ಇದ್ದವು, ಸಲಿಂಗದ ಕಲ್ಪನೆಗಳು ಗೇ, ಲೆಸ್ಬಿಯನ್ ಜನರಲ್ಲಿ ಇದ್ದಷ್ಟೇ ಇದ್ದವು. ಒಂದು ಕಡೆ ಇರುವುದು ಇನ್ನೊಂದು ಕಡೆಯಿಂದ ಕಿತ್ತುಕೊಂಡದ್ದಲ್ಲ. ಮೊದಲು ಹೇಳಿದೆನಲ್ಲ, ನಾಟಕವಾ ಅಂತ ಕೇಳಿದ ಹೆಂಡತಿ, ಅವಳಿಗೆ ನಾವು ಹೇಳಬಹುದಾದ ಉತ್ತರ ಇಲ್ಲಿದೆ. ಗಂಡ ನಿಜವಾಗಿಯೂ ನಾಟಕ ಆಡಿರಬಹುದು, ಆಡದೆಯೂ ಇರಬಹುದು. ಆದರೆ ಗಂಡಸರ ಕಡೆಗಿನ ಸೆಳೆತವೊಂದನ್ನೇ ಹಿಡಿದು ಅದನ್ನು ತೀರ್ಮಾನಿಸಲು ಬರುವುದಿಲ್ಲ. ಅವಳ ಕಡೆಗಿನ ಸೆಳೆತವನ್ನು ಪ್ರತ್ಯೇಕವಾಗಿ ಕೇಳಬೇಕು.

ಎಡಗಡೆ ಕೆಳಗಿನ ಮೂಲೆಯ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯ ಮಾಹಿತಿಯನ್ನು ಆಂಟನಿ ಬೊಗಾರ್ಟ್ 2004ರಲ್ಲಿ ಮತ್ತೆ ಪರಿಶೀಲಿಸಿದಾಗ, ಸುಮಾರು ಶೇಕಡಾ 1ರಷ್ಟು ಜನ ತಮಗೆ ಯಾರ ಬಗ್ಗೆಯೂ ಯಾವತ್ತೂ ಲೈಂಗಿಕ ಸೆಳೆತ ಆಗಿಲ್ಲ ಅಂದಿದ್ದರು. ನೂರಕ್ಕೆ ಒಬ್ಬರು ಅಂದರೆ ಕಮ್ಮಿಯೇನಲ್ಲ. ನಿಮ್ಮ ನಿಮ್ಮ ಊರಿನ ಜನಸಂಖ್ಯೆಗೆ ಹೋಲಿಸಿ ನೋಡಿಕೊಳ್ಳಿ.

ಇಷ್ಟಾದರೂ ಇನ್ನೊಂದು ತೊಡಕು ಹಾಗೇ ಉಳಿಯಿತು. ಇಲ್ಲಿಯತನಕ ನಾನು ‘ಸೆಳೆತ’ ಅನ್ನುವ ಒಂದೇ ಪದ ಬಳಸಿದೆ. ಅಳೆಯುತ್ತಿರುವುದು ನಿಖರವಾಗಿ ಏನನ್ನು? ಮನಸ್ಸು ಯಾರ ಕಡೆ ಹೋಗುತ್ತದೆ ಅನ್ನುವುದನ್ನಾ, ಮೈ ಯಾರ ಜೊತೆ ಸೇರಿದೆ ಅನ್ನುವುದನ್ನಾ, ಅಥವಾ ನಾನು ಇಂಥವನು ಅಂತ ಆ ವ್ಯಕ್ತಿ ಹೇಳಿಕೊಳ್ಳುವುದನ್ನಾ? ಇವು ಮೂರು ಬೇರೆ ಬೇರೆ. ಎಡ್ವರ್ಡ್ ಲೌಮನ್ ಮತ್ತು ಸಂಗಡಿಗರು 1992ರಲ್ಲಿ ಅಮೆರಿಕದಲ್ಲಿ 3,432 ವಯಸ್ಕರನ್ನು, ಈ ಸಲ ಸರಿಯಾದ ಮಾದರಿ ಆಯ್ಕೆ ಮಾಡಿ, ಮೂರನ್ನೂ ಬೇರೆ ಬೇರೆಯಾಗಿ ಕೇಳಿದರು. ಮೂರರಲ್ಲಿ ಒಂದಾದರೂ ಸಲಿಂಗದ ಕಡೆ ಇದೆ ಅಂದ ಗಂಡಸರನ್ನು ತೆಗೆದುಕೊಂಡರೆ, ಮೂರೂ ಒಟ್ಟಿಗೆ ಇದ್ದವರು ಅವರಲ್ಲಿ ಕಾಲು ಭಾಗದಷ್ಟು ಮಾತ್ರ. ಹೆಂಗಸರಲ್ಲಿ ಅದಕ್ಕಿಂತಲೂ ಕಡಿಮೆ. ಮನಸ್ಸಿನಲ್ಲಿ ಮಾತ್ರ ಇದ್ದು, ವರ್ತನೆಯಲ್ಲೂ ಗುರುತಿನಲ್ಲೂ ಇಲ್ಲದವರೇ ಎಲ್ಲಕ್ಕಿಂತ ದೊಡ್ಡ ಗುಂಪು.

ಇದು ಅಮೆರಿಕದ ಮಾತಾಯಿತು ಅನ್ನಬೇಡಿ. ಎಚ್‌ಐವಿ ಕಾರ್ಯಕ್ರಮದಲ್ಲಿ ದುಡಿದವರು ಇಲ್ಲಿ ಎಷ್ಟೋ ಜನ ಇದ್ದೀರಿ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ದಾಖಲೆಗಳಲ್ಲಿ ಎಂಎಸ್‌ಎಂ ಅಂತ ಬರೆಯುತ್ತೀರಿ, ಪುರುಷರ ಜೊತೆ ಲೈಂಗಿಕ ಸಂಪರ್ಕ ಇರುವ ಪುರುಷರು ಅಂತ. ಗೇ ಅಂತ ಬರೆಯಲಿಲ್ಲ ಯಾಕೆ? ಯಾಕೆಂದರೆ ಹಾಗೆ ಕೇಳಿದ್ದರೆ ಹೆಚ್ಚಿನವರು ‘ನಾವಲ್ಲ’ ಅಂತ ಎದ್ದು ಹೋಗುತ್ತಿದ್ದರು. ಸೋಂಕಿನ ಮಟ್ಟಿಗೆ ಬೇಕಾದದ್ದು ವರ್ತನೆ, ಗುರುತಲ್ಲ. ಇನ್ನು ಬಸ್ ಸ್ಟ್ಯಾಂಡು, ಪಾರ್ಕಿನ ಕಡೆ ಜನರೇ ಬಳಸುವ ಮಾತುಗಳು ಬೇರೆ: ಹೆಣ್ಣಿನ ನಡೆನುಡಿ ಇರುವವರು ಕೋಥಿ, ಅವರ ಜೊತೆ ಕೂಡುವ ಗಂಡಸು ಪಂಥಿ, ಎರಡೂ ಪಾತ್ರ ಇರುವವರು ಡಬಲ್ ಡೆಕ್ಕರ್. ಇವು ಒಲವನ್ನು ಹೇಳುವ ಮಾತುಗಳೇ ಅಲ್ಲ. ನಡೆನುಡಿ ಹೆಣ್ಣಿನ ಹಾಗಿದೆಯಾ ಗಂಡಿನ ಹಾಗಿದೆಯಾ, ಕೂಡುವಾಗ ಯಾವ ಪಾತ್ರ ಅನ್ನುವುದನ್ನು ಹೇಳುತ್ತವೆ. ಪಂಥಿ ಅಂತ ಕೋಥಿಗಳು ಕರೆಯುವ ಗಂಡಸು ತನ್ನನ್ನು ಆ ಹೆಸರಿನಿಂದಲೂ ಕರೆದುಕೊಳ್ಳುವುದಿಲ್ಲ. ಅವನ ಲೆಕ್ಕದಲ್ಲಿ ಅವನು ಬರೀ ಗಂಡಸು. ಅವನನ್ನು ಹಿಡಿದು ಸ್ಟ್ರೇಟ್‌ನಿಂದ ಗೇವರೆಗಿನ ಗೆರೆಯ ಮೇಲೆ ನಿಲ್ಲಿಸಿದರೆ ನಮಗೆ ಸಿಗುವ ಅಂಕಕ್ಕೂ ಅವನ ಬದುಕಿಗೂ ಸಂಬಂಧವೇ ಇರುವುದಿಲ್ಲ. ಜೋಗಪ್ಪಗಳ ವಿಷಯದಲ್ಲಂತೂ ‘ಸಲಿಂಗ’ ಯಾವುದು, ‘ಭಿನ್ನಲಿಂಗ’ ಯಾವುದು ಅನ್ನುವುದೇ ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಅನ್ನುವುದು ಒಂದು ವಿಷಯ, ಯಾರ ಕಡೆ ಮನಸ್ಸು ಅನ್ನುವುದು ಬೇರೆ ವಿಷಯ.

ಈಗ ಉದಾಹರಣೆಗೆ ಬರುತ್ತೇನೆ. ಇದು ಯಾವ ಒಬ್ಬ ವ್ಯಕ್ತಿಯ ಕಥೆಯೂ ಅಲ್ಲ. ಹಲವರ ಮಾತುಗಳನ್ನು ಸೇರಿಸಿ, ಊರು ಉದ್ಯೋಗ ಬದಲಿಸಿ ಮಾಡಿಕೊಂಡದ್ದು. ವಯಸ್ಸು ಮೂವತ್ತಾರು. ಜಗಳೂರು ಕಡೆಯ ಹಳ್ಳಿಯವರು, ಇಲ್ಲಿ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಮಂಡಿಯೊಂದರಲ್ಲಿ ಗುಮಾಸ್ತರು. ಹೆಂಡತಿ, ಎರಡು ಮಕ್ಕಳು. ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ಗೆಳೆಯನೊಬ್ಬನ ಜೊತೆ ಮೂರು ವರ್ಷ ಗಾಢವಾದ ಸಂಬಂಧ ಇತ್ತು, ದೇಹದ್ದೂ ಮನಸ್ಸಿನದೂ. ಆಮೇಲೆ ಮದುವೆ. ಹೆಂಡತಿಯ ಮೇಲೆ ಪ್ರೀತಿ ಇದೆ, ಅವರ ಜೊತೆ ದಾಂಪತ್ಯವೂ ನಡೆದಿದೆ. ಆದರೆ ಮನಸ್ಸು ಓಡುವುದು ಗಂಡಸರ ಕಡೆ. ಅವರು ಬಂದದ್ದು, ‘ನನ್ನ ನಂಬರ್ ಎಷ್ಟು ಅಂತ ಹೇಳ್ರಿ, ಅದರ ಪ್ರಕಾರ ಏನ್ ಮಾಡ್ಬೇಕೋ ಮಾಡ್ತೀನಿ’ ಅನ್ನುತ್ತ.

ಇಂಥವರ ಜೊತೆ ಕೂತು ಬಳಸಬಹುದಾದ ಸಾಧನ ಫ್ರಿಟ್ಜ್ ಕ್ಲೈನ್ ಅವರದು. ಕ್ಲೈನ್ ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮನೋವೈದ್ಯರು. 1978ರಲ್ಲಿ ಅವರು ಮುಂದಿಟ್ಟ ಕೋಷ್ಟಕದಲ್ಲಿ ಏಳು ಸಾಲು, ಮೂರು ಕಾಲಂ, ಒಟ್ಟು ಇಪ್ಪತ್ತೊಂದು ಚೌಕ. ಸಾಲುಗಳು ಏನನ್ನು ಕೇಳುತ್ತವೆ ಅಂದರೆ: ಸೆಳೆತ ಯಾರ ಕಡೆ, ದೇಹಸಂಬಂಧ ಯಾರ ಜೊತೆ, ಕಲ್ಪನೆಯಲ್ಲಿ ಬರುವವರು ಯಾರು, ಮನಸ್ಸು ಬಿಚ್ಚಿ ಪ್ರೀತಿಸುವುದು ಯಾರನ್ನು, ಒಡನಾಟ ಯಾರ ಜೊತೆ ಹಿತ, ಯಾವ ಸಮುದಾಯದ ನಡುವೆ ಬದುಕು, ತನ್ನನ್ನು ಏನೆಂದು ಗುರುತಿಸಿಕೊಳ್ಳುತ್ತಾರೆ. ಕಾಲಂಗಳು ಕಾಲದವು: ಹಿಂದೆ, ಅಂದರೆ ಒಂದು ವರ್ಷದ ಹಿಂದಿನವರೆಗೆ, ಈಗ, ಅಂದರೆ ಕಳೆದ ಹನ್ನೆರಡು ತಿಂಗಳು, ಮತ್ತು ತನಗೆ ಹೇಗಿದ್ದರೆ ಚೆನ್ನ ಅನ್ನುವುದು. ಪ್ರತಿ ಚೌಕಕ್ಕೂ 1ರಿಂದ 7ರವರೆಗೆ ಅಂಕ. 1 ಅಂದರೆ ಪೂರ್ತಿ ಭಿನ್ನಲಿಂಗದ ಕಡೆ, 4 ಅಂದರೆ ಸಮ, 7 ಅಂದರೆ ಪೂರ್ತಿ ಸಲಿಂಗದ ಕಡೆ.

ನಮ್ಮ ಗುಮಾಸ್ತರ ಹಾಳೆ ಹೀಗೆ ತುಂಬಿತು ಅಂತಿಟ್ಟುಕೊಳ್ಳಿ.

| | ಹಿಂದೆ | ಈಗ | ಹೇಗಿದ್ದರೆ ಚೆನ್ನ |
|---|---|---|---|
| ಸೆಳೆತ | 5 | 6 | 6 |
| ದೇಹಸಂಬಂಧ | 4 | 1 | 1 |
| ಕಲ್ಪನೆ | 6 | 6 | 5 |
| ಭಾವನಾತ್ಮಕ ಒಲವು | 5 | 2 | 3 |
| ಒಡನಾಟ | 6 | 6 | 5 |
| ಬದುಕಿನ ಸಮುದಾಯ | 1 | 1 | 2 |
| ಗುರುತು | 1 | 3 | 4 |

ಮೊದಲು ಮಾಡಬಾರದ ಕೆಲಸವನ್ನು ಮಾಡಿ ತೋರಿಸುತ್ತೇನೆ. ಎಲ್ಲವನ್ನೂ ಕೂಡಿ ಭಾಗಿಸಿ. ಒಟ್ಟು 79, ಇಪ್ಪತ್ತೊಂದರಿಂದ ಭಾಗಿಸಿದರೆ 3.76. ಹತ್ತಿರ ಹತ್ತಿರ 4, ಅಂದರೆ ‘ಎರಡೂ ಸಮ’. ಅವರು ಕೇಳಿದ ನಂಬರ್ ಸಿಕ್ಕಿತು. ಈಗ ಹಾಳೆಯನ್ನು ಇನ್ನೊಮ್ಮೆ ನೋಡಿ. ಇಪ್ಪತ್ತೊಂದು ಚೌಕಗಳಲ್ಲಿ 4 ಬಂದಿರುವುದು ಎರಡೇ ಕಡೆ. ಅದರಲ್ಲಿ ಒಂದು ಹಳೆಯ ಕಾಲದ್ದು, ಇನ್ನೊಂದು ಆಸೆಯದು. ಇವತ್ತಿನ ಅವರ ಬದುಕಿನಲ್ಲಿ ‘ಸಮ’ ಅನ್ನುವಂಥದ್ದು ಒಂದೂ ಇಲ್ಲ. ಸರಾಸರಿ ತೆಗೆದದ್ದೇ ತಡ, ಆ ಮನುಷ್ಯ ಹಾಳೆಯಿಂದ ಮಾಯವಾದರು. ಕ್ಲೈನ್ ಕೋಷ್ಟಕವನ್ನು ಬಳಸುವವರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಇಪ್ಪತ್ತೊಂದು ಪ್ರಶ್ನೆ ಕೇಳಿ, ಕೊನೆಗೆ ಅದನ್ನೆಲ್ಲ ಮತ್ತೆ ಅದೇ ಒಂದು ಗೆರೆಗೆ ತಂದು ಕಟ್ಟುವುದು.

ಇದನ್ನು ಅಡ್ಡ ಓದಬೇಕು, ಉದ್ದ ಓದಬೇಕು, ಅಂಕಗಳ ನಡುವಿನ ಅಂತರವನ್ನು ಓದಬೇಕು. ‘ಈಗ’ ಅನ್ನುವ ಕಾಲಂ ಮೇಲಿಂದ ಕೆಳಗೆ ನೋಡಿ. ಸೆಳೆತ 6, ದೇಹಸಂಬಂಧ 1. ಅವರ ಸಂಕಟ ಇರುವುದು ಈ ಎರಡರ ನಡುವಿನ ಅಂತರದಲ್ಲಿ. ಇನ್ನೆರಡು ಸಾಲು ಕೆಳಗೆ ಭಾವನಾತ್ಮಕ ಒಲವು 2 ಇದೆ. ಇವತ್ತು ಅವರು ಮನಸ್ಸು ಬಿಚ್ಚಿ ಮಾತಾಡುವುದು, ಹುಷಾರು ತಪ್ಪಿದಾಗ ಪಕ್ಕದಲ್ಲಿ ಬೇಕು ಅನ್ನಿಸುವುದು ಹೆಂಡತಿಯನ್ನು. ಸೆಳೆತ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ಇರುವುದು ಸುಳ್ಳಲ್ಲ, ಕಪಟವಲ್ಲ. ಒಂದು ಗೆರೆಯ ಮೇಲೆ ಇದನ್ನು ಬರೆಯಲು ಆಗುವುದಿಲ್ಲ ಅಷ್ಟೇ.

ಈಗ ದೇಹಸಂಬಂಧದ ಸಾಲನ್ನು ಅಡ್ಡ ಓದಿ. 4, 1, 1. ಹೇಗಿದ್ದರೆ ಚೆನ್ನ ಅನ್ನುವಲ್ಲೂ ಅವರು 1 ಬರೆದಿದ್ದಾರೆ. ಸೆಳೆತದಲ್ಲಿ 6 ಇಟ್ಟು, ಅದು ಹಾಗೇ ಇರಲಿ ಅಂದವರು, ವರ್ತನೆಯಲ್ಲಿ 1 ಇರಲಿ ಅನ್ನುತ್ತಿದ್ದಾರೆ. ಹೆಂಡತಿಗೆ ಕೊಟ್ಟ ಮಾತನ್ನು ಮುರಿಯಲು ಅವರಿಗೆ ಇಷ್ಟವಿಲ್ಲ. ಇದನ್ನು ಹೆದರಿಕೆ ಅಂತ ನಾವು ತೀರ್ಪು ಕೊಡಬಾರದು, ತ್ಯಾಗ ಅಂತ ಹೊಗಳಲೂಬಾರದು. ಅದು ಅವರ ಆಯ್ಕೆಯೋ ಭಯವೋ ಅನ್ನುವುದನ್ನು ಕೇಳಿಯೇ ತಿಳಿಯಬೇಕು. ಕೊನೆಯ ಸಾಲು ನೋಡಿ: 1, 3, 4. ಅವರಿಗೆ ಬದಲಾಯಿಸಿಕೊಳ್ಳಬೇಕು ಅನ್ನಿಸುತ್ತಿರುವುದು ನಡತೆಯನ್ನಲ್ಲ, ತನ್ನನ್ನು ತಾನು ನೋಡಿಕೊಳ್ಳುವ ಬಗೆಯನ್ನು. ತನಗೆ ತಾನು ಸುಳ್ಳು ಹೇಳಿಕೊಳ್ಳದೆ ಇರಬೇಕು ಅನ್ನುವುದು ಅವರ ಬಯಕೆ. ಸಮಾಲೋಚನೆಯ ಕೆಲಸ ಅಲ್ಲಿಂದ ಶುರುವಾಗುತ್ತದೆ. ನಂಬರಿನ ಪ್ರಕಾರ ಏನು ಮಾಡಬೇಕೋ ಮಾಡುತ್ತೇನೆ ಅಂತ ಬಂದವರಿಗೆ, ‘ನಾನು ಬೈಸೆಕ್ಶುಯಲ್, ನನ್ನ ಸಂಸಾರ ನಾನೇ ಆರಿಸಿಕೊಂಡದ್ದು’ ಅಂತ ಹೇಳಿಕೊಳ್ಳಲು ಸಾಧ್ಯವಾದರೆ, ಹೆಂಡತಿಗೆ ಇದನ್ನು ಹೇಳಬೇಕೇ, ಯಾವಾಗ ಅನ್ನುವ ಮುಂದಿನ ಪ್ರಶ್ನೆ ಎದುರಿಸುವ ಶಕ್ತಿ ಬರುತ್ತದೆ.

ಈ ಕೋಷ್ಟಕ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಹೇಳಬೇಕು. ಒಡನಾಟದ ಸಾಲಿನಲ್ಲಿ ಅವರಿಗೆ 6 ಬಂದಿದೆ. ಅದರಲ್ಲಿ ಏನೂ ಹುರುಳಿಲ್ಲ. ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಗಂಡಸರು ಗಂಡಸರ ಜೊತೆ ಕಟ್ಟೆಗೆ ಹೋಗುತ್ತಾರೆ, ಹೆಂಗಸರು ಹೆಂಗಸರ ಜೊತೆ ಸಂಘದ ಸಭೆಗೆ ಹೋಗುತ್ತಾರೆ. ಈ ಸಭಾಂಗಣದಲ್ಲೇ ನೋಡಿ, ಈ ಸಾಲುಗಳಲ್ಲಿ ಹೆಣ್ಣುಮಕ್ಕಳು, ಆ ಸಾಲುಗಳಲ್ಲಿ ಗಂಡುಮಕ್ಕಳು ಕೂತಿದ್ದೀರಿ. ಈ ಪ್ರಶ್ನೆಗೆ ನಮ್ಮಲ್ಲಿ ಬಹುತೇಕ ಎಲ್ಲರೂ 5 ಅಥವಾ 6 ಬರೆಯುತ್ತಾರೆ. ಬದುಕಿನ ಸಮುದಾಯ ಅನ್ನುವ ಸಾಲು ಇನ್ನೂ ಕಷ್ಟ. ಗೇ ಜನ ಬಹಿರಂಗವಾಗಿ ಸೇರುವ ಬಡಾವಣೆ, ಕ್ಲಬ್ಬುಗಳಿದ್ದ ನಗರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪ್ರಶ್ನೆ ಅದು. ಜಗಳೂರಿನಲ್ಲೋ ಹೊಸದುರ್ಗದಲ್ಲೋ ಇದ್ದವರು ಅದಕ್ಕೆ 1 ಬರೆಯದೆ ಇನ್ನೇನು ಬರೆದಾರು? ಅದು ಆ ವ್ಯಕ್ತಿಯ ಒಲವನ್ನು ಹೇಳುವುದಿಲ್ಲ, ಊರಿನಲ್ಲಿ ಏನಿಲ್ಲ ಅನ್ನುವುದನ್ನು ಹೇಳುತ್ತದೆ. ಹಾಗಾಗಿ ಈ ಎರಡು ಸಾಲುಗಳಲ್ಲಿ ಅಂಕ ಕೇಳುವುದಕ್ಕಿಂತ, ‘ಈ ವಿಷಯ ಮಾತಾಡಬಲ್ಲ ಒಬ್ಬರಾದರೂ ನಿಮಗಿದ್ದಾರಾ?’ ಅಂತ ಕೇಳುವುದು ಮೇಲು.

ಎರಡನೆಯ ಕೊರತೆ ಇನ್ನೂ ಮೂಲದ್ದು. ಸಾಲು ಏಳಾದರೂ ಒಂದೊಂದು ಚೌಕದ ಒಳಗೂ ಅದೇ ಹಳೆಯ ತಕ್ಕಡಿ ಕೂತಿದೆ. ಸೆಳೆತ 6 ಅಂದಾಗ ಹೆಂಗಸರ ಕಡೆ ಎಷ್ಟು ಉಳಿಯಿತು ಅನ್ನುವುದು ಅದರಲ್ಲಿ ತಿಳಿಯುವುದಿಲ್ಲ. ಸ್ಟಾರ್ಮ್ಸ್ ಮತ್ತು ಕ್ಲೈನ್ ಇಬ್ಬರನ್ನೂ ಸೇರಿಸಿದರೆ ಇದು ಸರಿಹೋಗುತ್ತದೆ. ಪ್ರತಿ ಚೌಕದಲ್ಲೂ ಎರಡು ಅಂಕ ಕೇಳಿ. ಗಂಡಸರ ಕಡೆ ಎಷ್ಟು, ಹೆಂಗಸರ ಕಡೆ ಎಷ್ಟು, ಸೊನ್ನೆಯಿಂದ ಆರರವರೆಗೆ. ನಮ್ಮ ಗುಮಾಸ್ತರು ಈಗಿನ ಸೆಳೆತಕ್ಕೆ ಗಂಡಸರ ಕಡೆ 5, ಹೆಂಗಸರ ಕಡೆ 2 ಅಂದರು. ಭಾವನೆಗೆ ಗಂಡಸರ ಕಡೆ 2, ಹೆಂಗಸರ ಕಡೆ 6 ಅಂದರು ಅಂತಿಟ್ಟುಕೊಳ್ಳಿ. ಹೆಂಗಸರ ಕಡೆ ಸೆಳೆತ ಎರಡಾದರೂ ಇದೆ, ಸೊನ್ನೆಯಲ್ಲ. ದಾಂಪತ್ಯದ ಬಗ್ಗೆ ಮಾತಾಡುವಾಗ ಎರಡಕ್ಕೂ ಸೊನ್ನೆಗೂ ಇರುವ ವ್ಯತ್ಯಾಸ ಬಹಳ ದೊಡ್ಡದು. ಅಂಕ ಹೇಳಲು ಕಷ್ಟಪಡುವವರಿಗೆ ‘ಇಲ್ಲವೇ ಇಲ್ಲ, ಸ್ವಲ್ಪ, ಜಾಸ್ತಿ’ ಅನ್ನುವ ಮೂರು ಮಾತು ಸಾಕು. ಗಂಡು, ಹೆಣ್ಣು ಎರಡರಲ್ಲೂ ಸೇರದ ಸಂಗಾತಿ ಇರುವವರಿಗೆ ಮೂರನೆಯ ಅಂಕಕ್ಕೂ ಜಾಗ ಬಿಡಿ.

ಹಾಳೆ ಸುಳ್ಳು ಹೇಳುತ್ತಿದೆ ಅನ್ನುವುದು ಗೊತ್ತಾಗುವುದು ಹೇಗೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಇಪ್ಪತ್ತೊಂದೂ ಚೌಕಕ್ಕೆ ಒಂದೇ ಅಂಕ, ಅದೂ ಎರಡೇ ನಿಮಿಷದಲ್ಲಿ ತುಂಬಿದ್ದರೆ, ಆ ವ್ಯಕ್ತಿ ಉತ್ತರ ಹೇಳಿಲ್ಲ, ಬಾಗಿಲು ಹಾಕಿಕೊಂಡಿದ್ದಾರೆ. ಹೇಗಿದ್ದರೆ ಚೆನ್ನ ಅನ್ನುವ ಕಾಲಂ ಪೂರ್ತಿ ಖಾಲಿ ಬಿಟ್ಟಿದ್ದರೆ, ತನಗೆ ಬೇಕಾದ್ದನ್ನು ಬಯಸಬಹುದು ಅನ್ನುವ ಯೋಚನೆಯೇ ಅವರಿಗೆ ಬಂದಿಲ್ಲ. ಇವೆರಡಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಅಣ್ಣನನ್ನೋ ಅತ್ತೆಯನ್ನೋ ಕೂರಿಸಿಕೊಂಡು ತುಂಬಿಸಿದ ಹಾಳೆಗೆ ಯಾವ ಬೆಲೆಯೂ ಇಲ್ಲ. ಮನೆಯವರನ್ನು ಹೊರಗೆ ಕಳಿಸಿ, ಮಾತು ಮುಗಿದ ಮೇಲೆ ಹಾಳೆಯನ್ನು ಆ ವ್ಯಕ್ತಿಯ ಕೈಗೇ ಕೊಟ್ಟು ಇಟ್ಟುಕೊಳ್ಳುತ್ತೀರಾ ಹರಿಯುತ್ತೀರಾ ಅಂತ ಕೇಳಿ. ಫೈಲಿನಲ್ಲಿ ಸಿಕ್ಕಿಸಬೇಡಿ. ಆಗಿನ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377ರ ಕೆಳಗೆ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿಯಾಗಿದೆ. ಆದರೆ ಆ ಹಾಳೆ ಸಿಕ್ಕಿದ ಭಾಮೈದನಿಗೆ ಸುಪ್ರೀಂ ಕೋರ್ಟಿನ ತೀರ್ಪು ಗೊತ್ತಿರುವುದಿಲ್ಲ.

ಸಭಿಕರಿಂದ ಬಂದ ಚೀಟಿಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ.

ಒಂದು: ‘ಅಂಕಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಅಂದಮೇಲೆ ಚಿಕಿತ್ಸೆ ಕೊಟ್ಟು ಬದಲಾಯಿಸಬಹುದಲ್ಲವೇ?’

ಬಹಳ ಮುಖ್ಯವಾದ ಪ್ರಶ್ನೆ, ಯಾಕೆಂದರೆ ಈ ಮಾದರಿಗಳನ್ನು ತಪ್ಪಾಗಿ ಬಳಸುವವರು ಹಿಡಿಯುವ ದಾರಿಯೇ ಇದು. ಲೀಸಾ ಡೈಮಂಡ್ ಎಂಬ ಸಂಶೋಧಕಿ ಅಮೆರಿಕದಲ್ಲಿ ಎಪ್ಪತ್ತೊಂಬತ್ತು ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿ ಮತ್ತೆ ಮತ್ತೆ ಮಾತಾಡಿಸಿದರು. ಲೆಸ್ಬಿಯನ್, ಬೈಸೆಕ್ಶುಯಲ್, ಯಾವ ಹೆಸರೂ ಬೇಡ ಅನ್ನುವವರು, ಹೀಗೆ. ಹತ್ತು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಜನ ಒಮ್ಮೆಯಾದರೂ ತಮ್ಮ ಗುರುತನ್ನು ಬದಲಿಸಿಕೊಂಡರು. ಆದರೆ ಬೈಸೆಕ್ಶುಯಲ್ ಅನ್ನುವುದನ್ನೋ ಹೆಸರಿಲ್ಲದ ಜಾಗವನ್ನೋ ಬಿಟ್ಟು ಹೋದವರಿಗಿಂತ ಅಲ್ಲಿಗೆ ಬಂದು ಸೇರಿದವರೇ ಹೆಚ್ಚು. ನಾಲ್ಕು ದಿನದ ಹುಚ್ಚು, ತಾನೇ ಇಳಿಯುತ್ತದೆ ಅನ್ನುವ ಮಾತಿಗೆ ಇದರಲ್ಲಿ ಆಧಾರ ಸಿಗುವುದಿಲ್ಲ. ಮತ್ತೆ, ತಾನಾಗಿ ಆಗುವ ಚಲನೆ ಬೇರೆ, ಹೊರಗಿನಿಂದ ಒತ್ತಡ ಹಾಕಿ ತಿರುಗಿಸುವುದು ಬೇರೆ. ಎರಡನೆಯದು ಸಾಧ್ಯ ಅನ್ನುವುದಕ್ಕೆ ಪುರಾವೆ ಇಲ್ಲ, ಅದರಿಂದ ಆಗುವ ಹಾನಿಗೆ ಪುರಾವೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಒಲವು ಬದಲಾಯಿಸುತ್ತೇವೆ ಅನ್ನುವ ‘ಚಿಕಿತ್ಸೆ’ಯನ್ನು ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿದೆ. ಮೂರನೆಯ ಕಾಲಂ ಇರುವುದು ಆ ವ್ಯಕ್ತಿಗೆ ಏನು ಬೇಕು ಅಂತ ಕೇಳಲು. ಅದನ್ನು ಚಿಕಿತ್ಸೆಯ ಗುರಿ ಅಂತ ಬರೆದುಕೊಂಡರೆ ಹಾಳೆಯನ್ನು ತಲೆಕೆಳಗೆ ಹಿಡಿದಂತೆ.

ಎರಡು: ‘ಮದುವೆಗೆ ಮುಂಚೆ ಹುಡುಗನಿಗೆ ಈ ಪರೀಕ್ಷೆ ಮಾಡಿಸಬಹುದೇ?’

ಇದು ಪರೀಕ್ಷೆಯೇ ಅಲ್ಲ. ರಕ್ತ ಪರೀಕ್ಷೆಯ ಹಾಗೆ ಇದರಲ್ಲಿ ಪಾಸಿಟಿವ್ ನೆಗೆಟಿವ್ ಬರುವುದಿಲ್ಲ, ಬೇರೆಯವರು ಮಾಡಿಸುವಂಥದ್ದೂ ಅಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೂತು ಕೇಳಿಕೊಳ್ಳುವಷ್ಟು ಸಮಯ ಮತ್ತು ಏಕಾಂತವನ್ನು ಹಿರಿಯರು ಕೊಟ್ಟರೆ, ಅದಕ್ಕಿಂತ ಹೆಚ್ಚಿನದನ್ನು ಯಾವ ಕೋಷ್ಟಕವೂ ಕೊಡಲಾರದು.

ಮೂರು, ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರದು: ‘ಮೇಡಂ, ನಮ್ಮ ಫಾರಂನಲ್ಲಿ ಇರೋದು ಒಂದೇ ಕಾಲಂ. ಇಷ್ಟೆಲ್ಲ ಎಲ್ಲಿ ಬರೆಯೋದು?’

ನೋಡಮ್ಮ, ಆ ಫಾರಂ ಯಾತಕ್ಕಾಗಿ ಇದೆ ಅಂತ ಮೊದಲು ಕೇಳಿಕೋ. ಎಚ್‌ಐವಿ ಅಥವಾ ಲೈಂಗಿಕ ಸೋಂಕಿನ ತಪಾಸಣೆಗೆ ಅಂದರೆ ನಿನಗೆ ಬೇಕಾದದ್ದು ವರ್ತನೆ ಮಾತ್ರ. ‘ಕಳೆದ ಕೆಲವು ತಿಂಗಳಲ್ಲಿ ಯಾರ ಜೊತೆ ಸಂಪರ್ಕ ಆಗಿತ್ತು, ಗಂಡಸರಾ, ಹೆಂಗಸರಾ, ಇಬ್ಬರೂನಾ, ಕಾಂಡೋಮ್ ಬಳಸಿದ್ರಾ’ ಅಂತ ಕೇಳು. ಮದುವೆಯಾಗಿದೆ ಅಂತ ಹೇಳಿದವರನ್ನೂ ಹಾಗೇ ಕೇಳು, ಊಹೆ ಮಾಡಿ ಬಿಡಬೇಡ. ಖಿನ್ನತೆಯಿಂದ, ನಿದ್ದೆ ಬಾರದೆ ಬಂದವರಾದರೆ ವರ್ತನೆಗಿಂತ ಸೆಳೆತವೂ ಗುರುತೂ ಮುಖ್ಯ, ಎರಡರ ನಡುವಿನ ಅಂತರ ಇನ್ನೂ ಮುಖ್ಯ. ಅಲ್ಲಿ ಕಾಲಂನಲ್ಲಿ ನೀನು ಆರಿಸಿದ ಪದ ಹಾಕಬೇಡ. ಅವರು ತಮ್ಮನ್ನು ಏನಂತ ಹೇಳಿಕೊಂಡರೋ ಅದನ್ನೇ, ಅವರ ಬಾಯಿಂದ ಬಂದ ಮಾತಿನಲ್ಲೇ ಬರಿ. ಏನೂ ಹೇಳಿಕೊಳ್ಳದಿದ್ದರೆ ‘ಹೇಳಲಿಲ್ಲ’ ಅಂತ ಬರಿ. ಅದೂ ಒಂದು ಉತ್ತರವೇ, ಮುಂದಿನ ಸಲ ಅವರು ಬಂದಾಗ ಅಲ್ಲಿಂದ ಮಾತು ಶುರು ಮಾಡಬಹುದು.